ವಿಜಯಪುರದ ಒಂದು ಗೋಡೆ, ಎರಡಿಂಚಿನ ಪಟ್ಟಿಗಳು

ನಮ್ಮ ಹನ್ನೆರಡು ನಿಮಿಷದ ಕಿರುಚಿತ್ರದ ಕಥೆ ಸಣ್ಣದು. ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರದ ಒಂದು ಅಂಗಡಿ. ಅಲ್ಲಿನ ಗುಮಾಸ್ತ ತೂಕದ ಲೆಕ್ಕ ತಿದ್ದಿ ಸಾವಕಾರರ ರೊಕ್ಕ ತೆಗೆಯುತ್ತಾನೆ. ಇದನ್ನು ಫಿಲ್ಮ್ ನ್ವಾರ್ ರೀತಿಯಲ್ಲಿ, ಅಂದರೆ ಗಾಢ ನೆರಳು ತುಂಬಿದ ಹಳೆಯ ಹಾಲಿವುಡ್ ಅಪರಾಧ ಚಿತ್ರಗಳ ಹಾಗೆ, ತೆಗೆಯಬೇಕು ಅನ್ನೋದು ನನ್ನ ಆಸೆಯಾಗಿತ್ತು.

ತಲೆಯಲ್ಲಿದ್ದದ್ದು ನಿರ್ದೇಶಕ ಬಿಲ್ಲಿ ವೈಲ್ಡರ್ ಅವರ 1944ರ 'ಡಬಲ್ ಇಂಡೆಮ್ನಿಟಿ'. ಅದರಲ್ಲಿ ಛಾಯಾಗ್ರಾಹಕ ಜಾನ್ ಸೈಟ್ಸ್ ಕಿಟಕಿಯ ಪಟ್ಟಿಪರದೆಯ ನೆರಳನ್ನು ಗೋಡೆ ಮೇಲೂ ಮನುಷ್ಯರ ಮೈಮೇಲೂ ಬೀಳಿಸುತ್ತಾರೆ. ಆ ಪಟ್ಟಿಗಳು ಜೈಲಿನ ಸರಳುಗಳ ಹಾಗೆ ಕಾಣುತ್ತವೆ. ನಾವು ಎರಡಿಂಚು ಅಗಲದ ಕಟ್ಟಿಗೆ ಪಟ್ಟಿಗಳನ್ನು ಎರಡಿಂಚು ಸಂದಿ ಬಿಟ್ಟು ಚೌಕಟ್ಟಿಗೆ ಹೊಡೆದೆವು. ನೂರು ವ್ಯಾಟ್‌ನ ಎಲ್‌ಇಡಿ ದೀಪಕ್ಕೆ ಬೆಳಕನ್ನು ಹರಡಿ ಮೆತ್ತಗೆ ಮಾಡುವ ಸಾಫ್ಟ್‌ಬಾಕ್ಸ್ ಹಾಕಿ ಹಚ್ಚಿದೆವು. ಗೋಡೆ ಮೇಲೆ ಒಂದು ಪಟ್ಟಿಯೂ ಮೂಡಲಿಲ್ಲ. ಬರೀ ಮಬ್ಬು ಬೆಳಕು.

ಕಾರಣ ಸರಳ. ನೆರಳಿನ ಅಂಚು ಎಷ್ಟು ಮಸುಕಾಗುತ್ತದೆ ಅನ್ನೋದು ಬೆಳಕಿನ ಮೂಲ ಎಷ್ಟು ದೊಡ್ಡದು, ದೀಪ, ಚೌಕಟ್ಟು, ಗೋಡೆಗಳ ನಡುವೆ ಎಷ್ಟು ದೂರ ಅನ್ನೋದರ ಮೇಲೆ ನಿಂತಿದೆ. ನಮ್ಮ ದೀಪ ಗೋಡೆಯಿಂದ 12 ಅಡಿ ದೂರ ಇತ್ತು, ಚೌಕಟ್ಟು 3 ಅಡಿ. ಅಂದರೆ ದೀಪದಿಂದ ಚೌಕಟ್ಟಿಗೆ 9 ಅಡಿ. ಸಾಫ್ಟ್‌ಬಾಕ್ಸ್ 24 ಇಂಚಿನದು. 24ನ್ನು 3ರಿಂದ ಗುಣಿಸಿ 9ರಿಂದ ಭಾಗಿಸಿದರೆ 8. ಎರಡಿಂಚಿನ ಪಟ್ಟಿ ಗೋಡೆ ಮೇಲೆ ಹಿಗ್ಗಿ ಬೀಳಿಸುವ ಸುಮಾರು ಎರಡೂ ಮುಕ್ಕಾಲು ಇಂಚಿನ ನೆರಳಿಗೆ ಎಂಟಿಂಚಿನ ಮಸುಕು! ಪಟ್ಟಿಗಳು ಒಂದರಲ್ಲೊಂದು ಕರಗಿಹೋಗಿದ್ದವು. ಸಾಫ್ಟ್‌ಬಾಕ್ಸ್ ಕಿತ್ತು, ಒಂದಿಂಚಿನಷ್ಟಿರುವ ಬರೀ ದೀಪವನ್ನು ಅಲ್ಲೇ ಇಟ್ಟೆವು. ಮಸುಕು ಮೂರನೇ ಒಂದು ಇಂಚಿಗೆ ಇಳಿಯಿತು. ಗೆರೆ ಎಳೆದ ಹಾಗೆ ನೆರಳು ಬಿತ್ತು.

ಆದರೂ ಕತ್ತಲು ಕತ್ತಲಾಗಿರಲಿಲ್ಲ. ಸುಣ್ಣ ಬಳಿದ ಬಿಳಿ ಗೋಡೆಗಳು ಬೆಳಕನ್ನು ವಾಪಸ್ ಎಸೆದು ಮುಖದ ಇನ್ನೊಂದು ಬದಿಯನ್ನೂ ತುಂಬುತ್ತಿದ್ದವು. ಅದಕ್ಕೆ ಕ್ಯಾಮೆರಾಗೆ ಕಾಣದ ಕಡೆ ಎರಡು ಕರಿ ಕಂಬಳಿ ನೇತುಹಾಕಿದೆವು. ಮೊಬೈಲ್‌ನಲ್ಲೇ ಚಿತ್ರೀಕರಣ, ಹಾಗಾಗಿ ಕ್ಯಾಮೆರಾ ಎಷ್ಟು ಬೆಳಕು ತೆಗೆದುಕೊಳ್ಳಬೇಕು ಅನ್ನುವ ಎಕ್ಸ್‌ಪೋಷರ್ ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಅದು ಕತ್ತಲನ್ನು ತಾನೇ ಎತ್ತಿ ಬೂದು ಮಾಡಿಬಿಡುತ್ತದೆ.

ಇನ್ನೊಂದು ತಪ್ಪು ದೀಪದ್ದಲ್ಲ, ನನ್ನದು. ಗುಮಾಸ್ತನನ್ನು ನೆರಳಲ್ಲೂ ಸಾವಕಾರರನ್ನು ಬೆಳಕಲ್ಲೂ ಕೂರಿಸಿದ್ದೆ. ತೆರೆ ಮೇಲೆ ನೋಡಿದಾಗ ಇವನು ಕಳ್ಳ, ಅವರು ಒಳ್ಳೆಯವರು ಅಂತ ಮೊದಲೇ ತೀರ್ಪು ಕೊಟ್ಟ ಹಾಗಾಗಿತ್ತು. ಕಥೆಯಲ್ಲಿ ಆ ಸಾವಕಾರರೂ ರೈತರ ತೂಕ ಹೊಡೆಯುವವರೇ. ಮತ್ತೆ ತೆಗೆದಾಗ ಇಬ್ಬರ ಮೇಲೂ ಅದೇ ಪಟ್ಟಿಗಳು ಬೀಳುವಂತೆ ಮಾಡಿದೆ. ಯಾರ ಕಡೆ ನಿಲ್ಲಬೇಕು ಅಂತ ನೋಡುವವರಿಗೆ ತಿಳಿಯದೇ ಇರುವುದು ಆಗ ಶುರುವಾಯಿತು.

ನಿರೂಪಣೆಗೆ ಜಾಸ್ತಿ ದಿನ ಹಿಡಿಯಿತು. ಮೊದಲ ಬರಹದಲ್ಲಿ ಗುಮಾಸ್ತ ತೆರೆಯಲ್ಲಿ ಕಾಣುವುದನ್ನೇ ಹೇಳುತ್ತಿದ್ದ. 'ಡಬಲ್ ಇಂಡೆಮ್ನಿಟಿ'ಯ ನಾಯಕ ಸುಮ್ನೆ ಮಾತಾಡುವುದಿಲ್ಲ. ಗುಂಡೇಟು ತಿಂದು ಆಫೀಸಿಗೆ ಬಂದು, ಧ್ವನಿಮುದ್ರಣ ಯಂತ್ರದ ಮುಂದೆ ಕೂತು, ಜೊತೆಗೆ ಕೆಲಸ ಮಾಡುವ ಕೀಸ್‌ಗೆ ತಪ್ಪೊಪ್ಪಿಕೊಳ್ಳುತ್ತಾನೆ. ಕೊಲೆ ಯಾರು ಮಾಡಿದರು ಅನ್ನೋದು ಶುರುವಿನಲ್ಲೇ ಗೊತ್ತು. ಉಳಿಯುವುದು ಹೇಗೆ ಆಯಿತು ಅನ್ನೋದಷ್ಟೇ. ಹಾಗಾಗಿ ನಮ್ಮ ಗುಮಾಸ್ತನ ಕೈಗೆ ಮೊಬೈಲ್ ಕೊಟ್ಟೆ. ರಾತ್ರಿ ಅಂಗಡಿಯಲ್ಲಿ ಒಬ್ಬನೇ ಕೂತು ವಾಯ್ಸ್ ಮೆಸೇಜ್ ಮಾಡುತ್ತಾನೆ: "ಸಾವಕಾರ್ರ, ನಾ ಬರೇ ನನ್ನ ಬಾಕಿ ಪಗಾರದಷ್ಟ ತಗೊಂಡೀನ್ರೀ." ಅದೇ ಹೊತ್ತಿಗೆ ತೆರೆಯಲ್ಲಿ ಅವನ ಕೈ ನೋಟಿನ ಮೂರನೇ ಕಟ್ಟು ಎಣಿಸುತ್ತಿರುತ್ತದೆ. ದನಿ ಒಂದು ಹೇಳುತ್ತದೆ, ಚಿತ್ರ ಇನ್ನೊಂದು ತೋರಿಸುತ್ತದೆ. ಈ ಸಂದಿ ಸಿಕ್ಕ ಮೇಲೆ ಅರ್ಧದಷ್ಟು ಮಾತು ಕತ್ತರಿಸಿದೆ.

ಹಗಲಿನ ದೃಶ್ಯಗಳಿಗೆ ನೋಡಿಕೊಂಡದ್ದು 1974ರ 'ಚೈನಾಟೌನ್'. ನಿರ್ದೇಶಕ ಪೋಲನ್ಸ್ಕಿ ಅದನ್ನು ಬಣ್ಣದಲ್ಲಿ, ಲಾಸ್ ಏಂಜಲೀಸ್‌ನ ಉರಿಬಿಸಿಲಲ್ಲಿ ತೆಗೆದರು. ನಿರೂಪಣೆಯ ದನಿಯೇ ಇಲ್ಲ. ಅದರ ಬದಲು ಪತ್ತೇದಾರನಿಗೆ ತಿಳಿದಷ್ಟೇ ನಮಗೂ ತಿಳಿಯುತ್ತದೆ. ನಂತರ ಬಂದ ಹೊಸ ಬಗೆಯ ನ್ವಾರ್, ಅಂದರೆ ನಿಯೋ ನ್ವಾರ್, ಹಳೆಯದನ್ನು ಹೀಗೆ ಎರವಲು ತರುತ್ತದೆ ಅನ್ನಿಸುತ್ತದೆ: ರಾತ್ರಿ ಬಿಟ್ಟು, ರಾತ್ರಿಯ ಅನುಮಾನವನ್ನಷ್ಟೇ ಉಳಿಸಿಕೊಂಡು.

ನಮ್ಮೂರಲ್ಲಿ ಬಿಸಿಲಿಗೇನು ಕೊರತೆ, ಅಲ್ವಾ? ಏಪ್ರಿಲ್‌ನ ನಡುಮಧ್ಯಾಹ್ನ, ದ್ರಾಕ್ಷಿ ಒಣಗಿಸುವ ಶೆಡ್‌ನ ಹೊರಗೆ ಗುಮಾಸ್ತನನ್ನು ನಿಲ್ಲಿಸಿದೆವು. ಸೂರ್ಯ ನೆತ್ತಿಯ ಹತ್ತಿರ. ಹುಬ್ಬಿನ ಕೆಳಗೆ ಕಣ್ಣು ಕರಿ ಗುಳಿಯಾಗಿ ಕಂಡಿತು. ಜೊತೆಗಿದ್ದ ಹುಡುಗ ಥರ್ಮಾಕೋಲ್ ಹಿಡಿದು ಮುಖಕ್ಕೆ ಬೆಳಕು ತುಂಬಲು ಬಂದ. ಬೇಡ ಅಂದೆ. ಮದುವೆ ವಿಡಿಯೋದಲ್ಲಿ ಅದು ತಪ್ಪು. ಇಲ್ಲಿ ಸಾವಕಾರರು "ತೂಕ ಸರಿ ಐತೇನೋ?" ಅಂತ ಕೇಳುತ್ತಾರೆ, ಇವನು "ಹೂಂ ರೀ" ಅನ್ನುತ್ತಾನೆ. ಆ ಗಳಿಗೆಯಲ್ಲಿ ಅವನ ಕಣ್ಣು ನಮಗೆ ಕಾಣಬಾರದಿತ್ತು.