ಸ್ಮಿಯರ್ ವರದಿಯ ಪದಗಳನ್ನು ನಾನು ಬರೆಯುವ ಬಗೆ

‘ಮೈಕ್ರೊಸೈಟಿಕ್ ಹೈಪೊಕ್ರೋಮಿಕ್, ಸ್ವಲ್ಪ ಮಟ್ಟಿನ ಆನಿಸೊಸೈಟೋಸಿಸ್, ಟಾರ್ಗೆಟ್ ಸೆಲ್‌ಗಳಿವೆ’ ಎಂದು, ಸ್ಲೈಡಿನ ಮೇಲೆ ತೆಳುವಾಗಿ ಹರಡಿದ ರಕ್ತವನ್ನು, ಅಂದರೆ ಸ್ಮಿಯರನ್ನು, ನೋಡಿ ನಾನು ವರದಿಯಲ್ಲಿ ಬರೆದಾಗ, ಅದನ್ನು ಓದಿದವರು ಅನೇಕ ವೇಳೆ ಕಾಯಿಲೆಯ ಹೆಸರೆಂದೇ ತಿಳಿಯುತ್ತಾರೆ. ಕೆಂಪು ರಕ್ತಕಣಗಳು ಸ್ಲೈಡಿನ ಮೇಲೆ ಹೇಗೆ ಕಂಡವು ಎಂಬುದಷ್ಟೇ ಅದರಲ್ಲಿದೆ.

ಸುಸ್ತೆಂದು ಬಂದಿದ್ದ ಯುವತಿಯೊಬ್ಬರ ಸ್ಲೈಡನ್ನೇ ತೆಗೆದುಕೊಳ್ಳೋಣ. ಅವರ ಹೀಮೋಗ್ಲೋಬಿನ್ 10.4 ಗ್ರಾಂ ಇತ್ತು. ಕಣಗಳು ಒಂದರ ಮೇಲೊಂದು ಬೀಳದೆ ಹರಡಿರುವ ಭಾಗವನ್ನು ಹುಡುಕಿಕೊಂಡು, ಅಲ್ಲಿದ್ದ, ಬಿಳಿ ರಕ್ತಕಣದ ಒಂದು ಬಗೆಯಾದ ಚಿಕ್ಕ ಲಿಂಫೊಸೈಟ್‌ನ ನ್ಯೂಕ್ಲಿಯಸ್ ಜೊತೆ ಕೆಂಪು ಕಣಗಳ ಗಾತ್ರವನ್ನು ಹೋಲಿಸಿದೆ. ಸಹಜ ಕಣ ಹೆಚ್ಚುಕಡಿಮೆ ಅಷ್ಟೇ ದೊಡ್ಡದಿರುತ್ತದೆ. ಇವು ಅದಕ್ಕಿಂತ ಚಿಕ್ಕವಾಗಿದ್ದುದರಿಂದ ಮೈಕ್ರೊಸೈಟಿಕ್. ಕಣದ ನಡುವಿನ ಮಸುಕು ಭಾಗವು ವ್ಯಾಸದ ಮೂರನೇ ಒಂದರಷ್ಟನ್ನು ಮೀರಿ ಹರಡಿತ್ತು, ಅಂದರೆ ಕಣದೊಳಗೆ ಹೀಮೋಗ್ಲೋಬಿನ್ ಕಡಿಮೆ, ಅದು ಹೈಪೊಕ್ರೋಮಿಕ್. ಕಣಗಳ ಗಾತ್ರದಲ್ಲಿ ಪರಸ್ಪರ ವ್ಯತ್ಯಾಸವಿರುವುದೇ ಆನಿಸೊಸೈಟೋಸಿಸ್. ಇಲ್ಲಿ ಅದು ಅಲ್ಪವಾಗಿತ್ತು, ಹೆಚ್ಚಿನ ಕಣಗಳು ಒಂದೇ ಸಮನಾಗಿ ಚಿಕ್ಕವಾಗಿದ್ದವು.

ಟಾರ್ಗೆಟ್ ಸೆಲ್‌ನ ನಡುವೆ ಗಾಢವಾದ ಚುಕ್ಕೆ, ಅದರ ಸುತ್ತ ಮಸುಕಾದ ಬಳೆ, ಅಂಚಿನಲ್ಲಿ ಮತ್ತೆ ಗಾಢ ಬಣ್ಣ ಕಾಣುತ್ತದೆ. ಒಳಗಿನ ಹೀಮೋಗ್ಲೋಬಿನ್‌ಗೆ ಹೋಲಿಸಿದರೆ ಪೊರೆ ಹೆಚ್ಚಾದಾಗ ಈ ಆಕಾರ ಬರುತ್ತದೆ. ಹೀಮೋಗ್ಲೋಬಿನ್ ತಯಾರಿ ಕುಗ್ಗುವ ಆನುವಂಶಿಕ ಕಾಯಿಲೆಯಾದ ಥಲಸ್ಸೀಮಿಯಾ, ಯಕೃತ್ತಿನ ರೋಗ, ಗುಲ್ಮ ತೆಗೆದ ನಂತರದ ಸ್ಥಿತಿ, ಹೀಗೆ ಹಲವೆಡೆ ಇವು ಸಿಗುತ್ತವೆ. ಕಬ್ಬಿಣದ ಕೊರತೆಯಲ್ಲಿಯೂ ಕೆಲವು ಕಾಣಬಹುದು. ಸ್ಲೈಡ್ ನಿಧಾನವಾಗಿ ಒಣಗಿದರೂ ಇಂಥ ಆಕಾರ ಮೂಡುವುದರಿಂದ, ಅವು ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ನಾನು ನಂಬುವುದಿಲ್ಲ, ಹೊಸ ಸ್ಲೈಡ್ ಮಾಡಿಸುತ್ತೇನೆ. ಈ ಸ್ಲೈಡಿನಲ್ಲಿ ಅವು ಎಲ್ಲೆಡೆ ಚದುರಿದ್ದವು.

ಮುಂದಿನ ಸುಳಿವು ಯಂತ್ರದ ಅಂಕಿಗಳಲ್ಲಿತ್ತು. ಕಣದ ಸರಾಸರಿ ಗಾತ್ರವಾದ ಎಂಸಿವಿ 62 ಇದ್ದರೂ ಕೆಂಪು ಕಣಗಳ ಎಣಿಕೆ 58 ಲಕ್ಷ, ಅಂದರೆ 5.8 ಮಿಲಿಯನ್ ಇತ್ತು. 62 ಅನ್ನು 5.8ರಿಂದ ಭಾಗಿಸಿದರೆ 10.7 ಬರುತ್ತದೆ. ಈ ಮೆಂಟ್ಜರ್ ಸೂಚ್ಯಂಕ 13ಕ್ಕಿಂತ ಕಡಿಮೆಯಿದ್ದರೆ ಒಲವು ಥಲಸ್ಸೀಮಿಯಾ ವಾಹಕ ಸ್ಥಿತಿಯ ಕಡೆಗೆ, ಹೆಚ್ಚಿದ್ದರೆ ಕಬ್ಬಿಣದ ಕೊರತೆಯ ಕಡೆಗೆ. ಇದು ಒಲವೇ ಹೊರತು ತೀರ್ಪಲ್ಲ. ಎರಡೂ ಒಟ್ಟಿಗಿರುವ ರೋಗಿಗಳಲ್ಲಿ ಈ ಲೆಕ್ಕ ಕೈಕೊಡುತ್ತದೆ. ಆದ್ದರಿಂದ ವರದಿಯ ಕೊನೆಗೆ ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಮತ್ತು ಬೀಟಾ ಥಲಸ್ಸೀಮಿಯಾ ವಾಹಕರಲ್ಲಿ ಹೆಚ್ಚಾಗುವ ಹೀಮೋಗ್ಲೋಬಿನ್ ಎ2 ಪರೀಕ್ಷೆಗಳನ್ನು ಸೂಚಿಸಿದೆ. ಕಬ್ಬಿಣದ ಕೊರತೆ ಎ2 ಪ್ರಮಾಣವನ್ನು ತಗ್ಗಿಸಿ ತೋರಿಸಬಲ್ಲದು, ಹಾಗಾಗಿ ಎರಡನ್ನೂ ಜೊತೆಯಲ್ಲೇ ಕೇಳುವುದು ನನ್ನ ರೂಢಿ.

ಫೆರಿಟಿನ್ ಸಹಜವಾಗಿತ್ತು, ಎ2 ಸಹಜಕ್ಕಿಂತ ಹೆಚ್ಚಾಗಿ ಶೇಕಡಾ 5.2 ಬಂದು ಬೀಟಾ ಥಲಸ್ಸೀಮಿಯಾ ವಾಹಕ ಸ್ಥಿತಿ ಖಚಿತವಾಯಿತು. ಕಬ್ಬಿಣದ ಮಾತ್ರೆಯಿಂದ ಈ ಸ್ಥಿತಿ ಬದಲಾಗದು. ಮಕ್ಕಳನ್ನು ಪಡೆಯುವ ಮುನ್ನ ಸಂಗಾತಿಗೂ ಇದೇ ಪರೀಕ್ಷೆ ಮಾಡಿಸಬೇಕೆಂದು ಅವರ ವೈದ್ಯರು ತಿಳಿಸಿದರು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ತೀವ್ರ ಥಲಸ್ಸೀಮಿಯಾ ಬರುವ ಸಂಭವ ನಾಲ್ಕರಲ್ಲಿ ಒಂದು.