ಕಾಲೇಜು ಫೆಸ್ಟ್‌ಗೆ ಕೊಟ್ಟ ದುಡ್ಡು ಗಿಟ್ಟಿತಾ? ಲೆಕ್ಕ ಹಾಕುವುದು ಹೀಗೆ

ಫೆಸ್ಟ್ ಮುಗಿದ ವಾರಕ್ಕೆ ವಿದ್ಯಾರ್ಥಿ ಸಂಘದಿಂದ ಒಂದು ವರದಿ ಬರುತ್ತದೆ. ಬ್ಯಾನರ್ ಫೋಟೋಗಳು, ಕಿಕ್ಕಿರಿದ ಜನ, ದೊಡ್ಡ ದೊಡ್ಡ ಸಂಖ್ಯೆಗಳು. ಪ್ರಾಯೋಜಕರು ಅದನ್ನು ನೋಡಿ ಖುಷಿಯಾಗಿ ಮುಂದಿನ ವರ್ಷಕ್ಕೂ ಒಪ್ಪಿಬಿಡುತ್ತಾರೆ. ಮೂರು ದಿನವೂ ಬಂದ ಹುಡುಗನನ್ನು ಅದರಲ್ಲಿ ಮೂರು ಸಲ ಎಣಿಸಿರುತ್ತಾರೆ ಅಂತ ಯಾರೂ ಕೇಳುವುದಿಲ್ಲ.

ಹೆಜ್ಜೆ 1. ಹಣ ಕೊಡುವ ಮೊದಲೇ ಗುರಿ ಬರೆದಿಡಿ. ಹೆಸರು ಪರಿಚಯವಾಗಬೇಕಾ, ಹೊಸ ಗ್ರಾಹಕರು ಬೇಕಾ, ಕೆಲಸಕ್ಕೆ ಒಳ್ಳೆ ಹುಡುಗರು ಸಿಗಬೇಕಾ? ಒಂದನ್ನೇ ಆರಿಸಿ. ಮೂರೂ ಇಟ್ಟುಕೊಂಡರೆ ಕೊನೆಗೆ ಯಾವುದು ಚೆನ್ನಾಗಿ ಕಂಡಿತೋ ಅದನ್ನೇ ಗುರಿ ಅನ್ನುತ್ತೀರಿ. ಇಲ್ಲಿ ಹೊಸ ಗ್ರಾಹಕರ ಲೆಕ್ಕ ನೋಡೋಣ.

ಹೆಜ್ಜೆ 2. ಫೆಸ್ಟ್‌ಗೆ ಮಾತ್ರ ಸೀಮಿತವಾದ ರಿಯಾಯಿತಿ ಕೋಡ್ ಕೊಡಿ. ಸ್ಟಾಲ್‌ಗೆ ಒಂದು, ವೇದಿಕೆಯ ಘೋಷಣೆಗೆ ಇನ್ನೊಂದು.

ಹೆಜ್ಜೆ 3. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಆನ್‌ಲೈನ್‌ನಲ್ಲಿ ನೋಟ್‌ಬುಕ್, ಪೆನ್ನು ಮಾರುವ ಒಂದು ಅಂಗಡಿ ಅಂದುಕೊಳ್ಳಿ. ಪ್ರಾಯೋಜಕತ್ವಕ್ಕೆ 1,00,000 ಕೊಟ್ಟಿದೆ. ಸ್ಟಾಲ್, ಟೀ ಶರ್ಟ್, ಸಿಬ್ಬಂದಿ ಅಂತ ಇನ್ನೂ 80,000 ಹೋಗಿದೆ. ಈ ಎರಡನೆಯ ಮೊತ್ತವನ್ನು ಸುಮ್ನೆ ಮರೆತುಬಿಡುವವರೇ ಜಾಸ್ತಿ. ಸೇರಿಸಿದರೆ ಒಟ್ಟು 1,80,000.

ಆರು ವಾರದಲ್ಲಿ 900 ಜನ ಕೋಡ್ ಬಳಸಿದರು. ತಲೆಗೆ 200 ಬಿತ್ತು. ಒಬ್ಬ ಹೊಸ ಗ್ರಾಹಕನಿಂದ ವರ್ಷಕ್ಕೆ ಸರಾಸರಿ 250 ಲಾಭ ಬರುತ್ತದೆ ಅಂದರೆ ಗೆದ್ದ ಹಾಗೇ ಕಾಣುತ್ತದೆ, ಅಲ್ವಾ?

ಈಗ ಫೋನ್ ನಂಬರ್ ತಾಳೆ ನೋಡಿ. 240 ಜನ ಹಳೇ ಗ್ರಾಹಕರೇ, ರಿಯಾಯಿತಿ ಸಿಕ್ಕಿತು ಅಂತ ಬಂದವರು. ಉಳಿದದ್ದು 660. ಇವರಲ್ಲೂ ಕೆಲವರು ಫೆಸ್ಟ್ ಇಲ್ಲದಿದ್ದರೂ ಬರುತ್ತಿದ್ದರು. ಅದನ್ನು ಅಂದಾಜಿಸಲು ನೀವು ಹಣ ಕೊಡದ, ಹೆಚ್ಚುಕಮ್ಮಿ ಅಷ್ಟೇ ದೊಡ್ಡ ಇನ್ನೊಂದು ಕಾಲೇಜನ್ನು ಆರಿಸಿ. ಅದೇ ಆರು ವಾರದಲ್ಲಿ ಅಲ್ಲಿಂದ 110 ಹೊಸಬರು ಬಂದಿದ್ದರೆ ಅಷ್ಟನ್ನು ಕಳೆಯಿರಿ. ಫೆಸ್ಟ್ ತಂದವರು 550. ತಲೆಗೆ ಸುಮಾರು 327. ನಷ್ಟ.

ಆ ಇನ್ನೊಂದು ಕಾಲೇಜಿನಲ್ಲಿ ಅದೇ ಹೊತ್ತಿಗೆ ಪರೀಕ್ಷೆಯೋ ರಜೆಯೋ ಇದ್ದರೆ ಈ ಹೋಲಿಕೆ ಕೆಲಸಕ್ಕೆ ಬಾರದು. ಕೋಡ್ ಕೂಪನ್ ತಾಣಗಳಿಗೆ ಸೋರಿದರೂ ಕಷ್ಟವೇ. ಫೆಸ್ಟ್ ಮುಗಿದು ಮೂರನೇ ವಾರದಲ್ಲಿ ದೂರದ ವಿಳಾಸಗಳಿಂದ ಆರ್ಡರ್ ಏರಿದರೆ ಸೋರಿದೆ ಅಂತ ತಿಳಿಯಿರಿ, ಅವನ್ನು ತೆಗೆದುಹಾಕಿ.

ಲೋಗೋ ಎಷ್ಟು ಸಲ ಕಂಡಿತು ಅಂತ ಎಣಿಸಿ, ಅಷ್ಟೇ ಜಾಗದ ಜಾಹೀರಾತಿನ ದರದಿಂದ ಗುಣಿಸಿ ಕೊಡುವ ವರದಿಗಳಿಗೆ ದುಡ್ಡು ಸುರಿಯಬೇಡಿ. ಲೋಗೋ ಕಂಡವನು ಏನಾದರೂ ಕೊಂಡನಾ ಅನ್ನುವುದು ಅದರಲ್ಲಿ ಇರುವುದೇ ಇಲ್ಲ.

ಹೆಜ್ಜೆ 4. ಮುಂದಿನ ವರ್ಷದ ಚೌಕಾಸಿಗೆ ಇದೇ ಲೆಕ್ಕ ಹಿಡಿದು ಹೋಗಿ. 550 ಜನರಿಂದ ಬರುವ ಲಾಭ 1,37,500. ಸ್ಟಾಲ್ ಖರ್ಚು 80,000 ಕಳೆದರೆ ಉಳಿಯುವುದು 57,500. ಸಂಘದವರು ಅದಕ್ಕಿಂತ ಜಾಸ್ತಿ ಕೇಳಿದರೆ ದೊಡ್ಡ ಬ್ಯಾನರ್ ಬೇಡ ಅನ್ನಿ, ನೋಂದಣಿ ಮೇಜಿನ ಪಕ್ಕದ ಜಾಗ ಕೇಳಿ.