ಬೆಲ್ಲದ ಬಣ್ಣ ನೋಡಿ ಕೊಳ್ಳುವುದನ್ನು ಬಿಟ್ಟ ಮೇಲೆ

ಮನೆಯಲ್ಲಿ ಸಿಹಿ ತಿಂಡಿ ಮಾಡಿ ಮಾರುವ ನನಗೆ ಬೆಲ್ಲವೇ ಮುಖ್ಯ ಸರಕು. ಹೊಸ ಬೆಲ್ಲ ಬಂದಾಗಲೆಲ್ಲ ಒಂದು ಚೂರನ್ನು ನೀರಿಗೆ ಹಾಕಿ ನೋಡಿದ ಮೇಲೆಯೇ ಉಳಿದದ್ದನ್ನು ಡಬ್ಬಕ್ಕೆ ತುಂಬುತ್ತೇನೆ. ಈ ಪರೀಕ್ಷೆಗಳು ಕಷ್ಟದವಲ್ಲ. ಆದರೆ ಆ ಬೆಲ್ಲ ಹೇಗೆ ತಯಾರಾಯಿತು ಎಂಬುದು ಗೊತ್ತಿಲ್ಲದಿದ್ದರೆ ಒಳ್ಳೆಯದನ್ನು ಕಲಬೆರಕೆ ಎಂದೂ ಕಲಬೆರಕೆಯನ್ನು ಒಳ್ಳೆಯದೆಂದೂ ತಿಳಿಯುವ ಸಾಧ್ಯತೆಯಿದೆ.

ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುತ್ತಾರೆ. ಹಾಲು ಸಹಜವಾಗಿ ಸ್ವಲ್ಪ ಹುಳಿ ಗುಣದ್ದು, ಅದನ್ನು ತಗ್ಗಿಸಲು ಸುಣ್ಣದ ತಿಳಿ ಬೀಳುತ್ತದೆ. ಬೆಂಡೆ ಗಿಡದ ಕಾಂಡ ಜಜ್ಜಿ ತೆಗೆದ ಲೋಳೆ ಹಾಕಿದರೆ ಮಡ್ಡಿ ಒಟ್ಟುಗೂಡಿ ಮೇಲೆ ಬರುತ್ತದೆ. ಅದನ್ನು ತೆಗೆಯುತ್ತಾ ಹೋಗಬೇಕು. ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ತಣ್ಣೀರಿಗೆ ಬಿಟ್ಟ ತೊಟ್ಟು ಉಂಡೆ ಕಟ್ಟುವ ಹದದಲ್ಲಿ, ಇಳಿಸಿ ಅಚ್ಚಿಗೆ ಸುರಿಯುತ್ತಾರೆ. ಇಲ್ಲಿ ಸಕ್ಕರೆಯ ಹರಳು ಮತ್ತು ಕಾಕಂಬಿ ಬೇರ್ಪಡುವುದೇ ಇಲ್ಲ. ಹಾಗಾಗಿ ಒಳ್ಳೆಯ ಬೆಲ್ಲ ಕಂದು ಬಣ್ಣದ್ದಾಗಿರುವುದೇ ಸಹಜ.

ಬಿಳಿ ಸಕ್ಕರೆಯ ದಾರಿ ಇದೇ ಹಾಲಿನಿಂದ ಹೊರಟರೂ ಬೇಗ ಕವಲೊಡೆಯುತ್ತದೆ. ಕಾರ್ಖಾನೆಯಲ್ಲಿ ಸುಣ್ಣದ ಜೊತೆಗೆ ಗಂಧಕದ ಹೊಗೆಯನ್ನೂ ಹಾಯಿಸಿ ರಸವನ್ನು ತಿಳಿಗೊಳಿಸುವುದು ರೂಢಿ. ಆಮೇಲೆ ಗಾಳಿ ತೆಗೆದ ಪಾತ್ರೆಯಲ್ಲಿ, ಕಡಿಮೆ ಉಷ್ಣದಲ್ಲಿಯೇ, ಹರಳು ಕಟ್ಟಿಸಿ, ತಿರುಗುವ ಯಂತ್ರದಲ್ಲಿ ಕಾಕಂಬಿಯನ್ನು ಹೊರಹಾಕುತ್ತಾರೆ. ಬಣ್ಣ, ವಾಸನೆ, ಖನಿಜಾಂಶ ಎಲ್ಲ ಆ ಕಾಕಂಬಿಯ ಜೊತೆ ಹೋಗುತ್ತವೆ.

ತಾಳೆ ಬೆಲ್ಲಕ್ಕೆ ಕಚ್ಚಾವಸ್ತು ತಾಳೆಯ ಹೂಗೊಂಚಲಿನಿಂದ ಇಳಿಸಿದ ನೀರಾ. ಅದು ಬಿಸಿಲೇರುವುದರೊಳಗೆ ಹುಳಿಯಾಗಿ ಹೆಂಡವಾಗಲು ಕಾದಿರುತ್ತದೆ. ಅದನ್ನು ತಡೆಯಲೆಂದು ಮಡಕೆಯ ಒಳಮೈಗೆ ಮೊದಲೇ ಸುಣ್ಣ ಬಳಿದಿರುತ್ತಾರೆ. ಈ ಸುಣ್ಣದ ಸಂಗತಿ ನೆನಪಿನಲ್ಲಿರಲಿ, ಪರೀಕ್ಷೆಯ ಹೊತ್ತಿಗೆ ಬೇಕಾಗುತ್ತದೆ.

ಈಚೆಗೆ ನನ್ನ ಕೈಗೆ ಬಂದ ಎರಡು ಅಚ್ಚುಗಳನ್ನೇ ತೆಗೆದುಕೊಳ್ಳಿ. ಒಂದು ನಿಂಬೆಹಣ್ಣಿನ ಹಳದಿ, ಇನ್ನೊಂದು ಕಡುಕಂದು. ಎರಡರಿಂದಲೂ ಒಂದೊಂದು ಚಮಚದಷ್ಟು ಪುಡಿಯನ್ನು ಗಾಜಿನ ಲೋಟಗಳಲ್ಲಿ ಬಿಸಿನೀರಿಗೆ ಕರಗಿಸಿ, ಅಲುಗಿಸದೆ ಕೆಲವು ಗಂಟೆ ಬಿಟ್ಟೆ. ಕಂದು ಬೆಲ್ಲದ ತಳದಲ್ಲಿ ನಾರಿನ ಎಳೆ, ಒಂದಿಷ್ಟು ಮಣ್ಣು ನಿಂತಿತ್ತು. ಅದು ಕಸವೇ ಹೊರತು ಕಲಬೆರಕೆಯಲ್ಲ, ಸೋಸಿದರೆ ಸಾಕು. ಹಳದಿಯ ತಳದಲ್ಲಿ ನಯವಾದ ಬಿಳಿ ಪುಡಿ ಕೂತಿತ್ತು. ಮೇಲಿನ ನೀರನ್ನು ಬಸಿದು ಪುಡಿಯ ಮೇಲೆ ವಿನೆಗರ್ ತೊಟ್ಟಿಕ್ಕಿಸಿದಾಗ ಚುರ್ರೆಂದು ಗುಳ್ಳೆಯೆದ್ದಿತು. ಸೀಮೆಸುಣ್ಣದ ಪುಡಿ ಬೆರೆತಿದ್ದರೆ ಹೀಗೆಯೇ ಆಗುತ್ತದೆ.

ಬೆಲ್ಲಕ್ಕೆ ಬೆರೆಸುವ ಇನ್ನೊಂದು ವಸ್ತು ವಾಷಿಂಗ್ ಸೋಡಾ. ಅದು ನೀರಿನಲ್ಲಿ ಕರಗಿಹೋಗುವುದರಿಂದ ತಳದಲ್ಲಿ ಸಿಗುವುದಿಲ್ಲ. ಅದಕ್ಕೆ ಅರಿಸಿನ ಸವರಿದ ಬಿಳಿ ಕಾಗದದ ಮೇಲೆ ತಿಳಿಯ ಹನಿ ಇಡುತ್ತೇನೆ. ವಾಷಿಂಗ್ ಸೋಡಾ ಹೆಚ್ಚಾಗಿದ್ದರೆ ಅರಿಸಿನ ಕೆಂಪಗಾಗುತ್ತದೆ. ಕೆಂಪಾಗದಿದ್ದರೆ ಸೋಡಾ ಇಲ್ಲವೆಂದು ಅರ್ಥವಲ್ಲ, ಬೆಲ್ಲದ ಹುಳಿಯೇ ಅದನ್ನು ನುಂಗಿರಬಹುದು. ನಾಲಿಗೆಗೆ ಉಪ್ಪುಪ್ಪಾಗಿ, ಸಾಬೂನಿನಂತೆ ಹತ್ತಿದರೆ ನಾನಂತೂ ಅದನ್ನು ಮತ್ತೆ ಕೊಳ್ಳುವುದಿಲ್ಲ.

ತಾಳೆ ಬೆಲ್ಲಕ್ಕೆ ಇದೇ ಅಳತೆಗೋಲು ಹಿಡಿದರೆ ಅನ್ಯಾಯವಾಗುತ್ತದೆ. ಮಡಕೆಯ ಸುಣ್ಣದ ಅಂಶ ಅದರಲ್ಲಿ ಉಳಿದಿರಬಹುದಾದ್ದರಿಂದ ಅಲ್ಪಸ್ವಲ್ಪ ಗುಳ್ಳೆಯೋ ಅರಿಸಿನದ ತೆಳು ಕೆಂಪೋ ಕಂಡರೆ ಅದು ಮೋಸದ ಗುರುತಲ್ಲ. ತಳದಲ್ಲಿ ಪುಡಿ ರಾಶಿಯಾಗಿ ಕೂತರೆ ಮಾತ್ರ ಅನುಮಾನ ಪಡಬೇಕು.

ಹಳದಿ ಬಣ್ಣದ ಹಿಂದಿರುವ ಇನ್ನೊಂದು ಕಾರಣ ಆಲೆಮನೆಯವರು ಹೈಡ್ರೋಸ್ ಎನ್ನುವ ಗಂಧಕದ ಲವಣ. ಕಾಯುವ ಪಾಕಕ್ಕೆ ಚಿಟಿಕೆ ಹಾಕಿದರೆ ಕಂದು ಬಣ್ಣ ತಿಳಿಯಾಗುತ್ತದೆ. ಆದರೆ ಇಟ್ಟಂತೆಲ್ಲ ಅಂಥ ಬೆಲ್ಲ ಮತ್ತೆ ಕಪ್ಪಗಾಗುತ್ತ ಬರುತ್ತದೆ. ನಮ್ಮ ದೇಶದ ಆಹಾರ ನಿಯಮ ಗಂಧಕದ ಡೈಆಕ್ಸೈಡಿಗೆ ಮಿತಿ ಹಾಕಿದೆ, ಆ ಮಿತಿ ದಾಟಿದೆಯೋ ಇಲ್ಲವೋ ಎಂಬುದು ಪ್ರಯೋಗಾಲಯದಲ್ಲಷ್ಟೇ ತಿಳಿಯುತ್ತದೆ. ಮನೆಯಲ್ಲಿ ಮಾಡಬಹುದಾದದ್ದೆಂದರೆ ಬಿಸಿ ತಿಳಿಗೆ ನಿಂಬೆರಸ ಹಿಂಡಿ ಕೂಡಲೇ ಮೂಸುವುದು. ಗೀರಿದ ಬೆಂಕಿಕಡ್ಡಿಯ ಘಾಟು ಬಂದರೆ ಗಂಧಕ ಧಾರಾಳವಾಗಿ ಬಿದ್ದಿದೆ. ಬಾರದಿದ್ದರೆ ಏನೂ ಹೇಳುವಂತಿಲ್ಲ.

ಬೆಲ್ಲ ಹಾಕಿದಾಗ ಹಸುವಿನ ಹಾಲು ಒಡೆದರೆ ಬೆಲ್ಲ ಅಸಲಿ, ಒಡೆಯದಿದ್ದರೆ ನಕಲಿ ಎಂಬ ಮಾತನ್ನು ನಾನು ನಂಬುವುದಿಲ್ಲ. ಹಾಲು ಒಡೆಯುವುದು ಬೆಲ್ಲದ ಹುಳಿ ಮತ್ತು ಲವಣಗಳಿಂದ. ಅದು ಹಾಲು ಎಷ್ಟು ಬಿಸಿಯಿದೆ, ಎಷ್ಟು ತಾಜಾ ಎಂಬುದರ ಮೇಲೂ ನಿಂತಿದೆ.

ಅಗ್ಗದ ಸಕ್ಕರೆಯನ್ನು ಕರಗಿಸಿ ಬೆಲ್ಲದ ಪಾಕಕ್ಕೆ ಬೆರೆಸಿದ್ದನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ಬೆಲ್ಲದಲ್ಲೂ ಹೆಚ್ಚಿನ ಪಾಲು ಅದೇ ಸುಕ್ರೋಸ್. ಮುರಿದ ಅಚ್ಚಿನಲ್ಲಿ ಹರಳು ಮಿನುಗಿದ ಮಾತ್ರಕ್ಕೆ ಬೆರಕೆ ಎನ್ನಲಾಗದು, ನಿಧಾನವಾಗಿ ತಣಿದ ಶುದ್ಧ ಬೆಲ್ಲದಲ್ಲೂ ಹರಳು ಕಟ್ಟುತ್ತದೆ. ಇದಕ್ಕೆ ನನ್ನ ಲೋಟ, ಅರಿಸಿನ, ವಿನೆಗರ್ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ದೊಡ್ಡ ಪ್ರಮಾಣದಲ್ಲಿ ಬೇಕಾದಾಗ ಪಾಕ ಇಳಿಯುವ ದಿನ ಆಲೆಮನೆಗೇ ಹೋಗಿ, ಕೊಪ್ಪರಿಗೆಯ ಪಕ್ಕ ಸಕ್ಕರೆ ಚೀಲ ಇದೆಯೇ ಎಂದು ನೋಡಿಕೊಂಡು ತರುತ್ತೇನೆ.